‘ಎಲ್ಲಾ ಸೇರಿ ಕೇವಲ’ ಎಂದು ಬರೆಯುವ ಮೊದಲು: ಒಂದು ಕಾಶಿ ಟೂರಿನ ಲೆಕ್ಕ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ಸ್ ಇದೆ. ಈವರೆಗೆ ಗಾಡಿ ಬಾಡಿಗೆಗೆ ಕೊಡುವುದಷ್ಟೇ ಕೆಲಸವಾಗಿತ್ತು, ಈ ಸಲ ಮೊದಲ ಬಾರಿಗೆ 35 ಜನರ ಕಾಶಿ ಟೂರ್ ಮಾಡುತ್ತಿದ್ದೇನೆ. 2026ರ ಡಿಸೆಂಬರ್ 4, ಶುಕ್ರವಾರ ರೈಲಿಗೆ ಹೊರಟು 15ರ ಮಂಗಳವಾರ ವಾಪಸ್. ಆಗಸ್ಟ್‌ನಲ್ಲೇ ವಾಟ್ಸಾಪ್, ಇನ್‌ಸ್ಟಾಗ್ರಾಂಗೆ ಹಾಕಲು ಹೀಗೆ ಬರೆದಿಟ್ಟಿದ್ದೇನೆ: “ಕಾಶಿ–ಪ್ರಯಾಗ–ಅಯೋಧ್ಯೆ–ಗಯಾ, 12 ದಿನ 11 ರಾತ್ರಿ, ಎಲ್ಲಾ ಸೇರಿ ಕೇವಲ ₹17,999! ಟಿಕೆಟ್ ಕನ್ಫರ್ಮ್! ಗಂಗಾ ಆರತಿ ಉಚಿತ! ಕೆಲವೇ ಸೀಟು ಬಾಕಿ! ₹5,000 ಕೊಟ್ಟು ಬುಕ್ ಮಾಡಿ, ವಾಪಸ್ ಇಲ್ಲ. ಷರತ್ತು ಅನ್ವಯ.” ಜಿಎಸ್‌ಟಿ, ರೈಲಿನ ಊಟ, ಕಾಶಿಯ ಆಟೋ, ದೋಣಿ ಇದರಲ್ಲಿ ಸೇರಿಲ್ಲ. ಎಲ್ಲಾ ಬರೆದರೆ ಯಾರೂ ಓದುವುದಿಲ್ಲ, ಬರೆಯದಿದ್ದರೆ ಜಗಳ ಆಗುತ್ತದೆ ಅಂತಾರೆ. ಹೇಗೆ ಬರೆಯಲಿ?

ಉತ್ತರ: ಹೊರಡುವ ತಾರೀಖನ್ನು ನನಗೆ ಬರೆದಿದ್ದೀರಿ, ಜನರಿಗೆ ಬರೆದಿಲ್ಲ. ನಿಮ್ಮ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇದೇ. ನಾಲ್ಕು ಕೂಗುಗಳಿವೆ, ಒಂದು ತಾರೀಖಿಲ್ಲ. ಅದನ್ನು ಓದಿದವರು ಫೋನ್ ಮಾಡಿ “ಯಾವಾಗ್ರಿ ಹೊರಡೂದು?” ಎಂದು ಕೇಳಬೇಕು, ಆಗ ಮಾತಿಗೆ ಎಳೆದು ಬುಕ್ ಮಾಡಿಸಬಹುದು ಎನ್ನುವುದು ನಮ್ಮ ಧಂದೆಯ ಹಳೇ ಲೆಕ್ಕ. ಕಾಶಿಗೆ ಹೋಗುವವರ ವಿಷಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅವರಿಗೆ ಹಿಂಗಾರಿ ಬಿತ್ತನೆ ಮುಗಿದಿರಬೇಕು, ಮನೆಯಲ್ಲಿ ಮದುವೆ ಇರಬಾರದು, ಧನುರ್ಮಾಸ ಹಿಡಿಯುವುದರೊಳಗೆ ಊರು ಸೇರಬೇಕು. ನೀವು ಆರಿಸಿದ ತಾರೀಖು ಇದಕ್ಕೆಲ್ಲ ಸರಿಹೊಂದುತ್ತದೆ. ಅದೇ ನಿಮ್ಮ ಜಾಹೀರಾತಿನ ಒಳ್ಳೆಯ ಮಾತು, ಅದನ್ನೇ ಮುಚ್ಚಿಟ್ಟಿದ್ದೀರಿ.

ತಾರೀಖು ಬರೆದ ಕೂಡಲೇ ‘12 ದಿನ 11 ರಾತ್ರಿ’ ಏನೆಂಬುದೂ ಬಯಲಾಗುತ್ತದೆ. ಬೆರಳು ಮಡಿಚಿ ಎಣಿಸಿ. 4, 5ರ ರಾತ್ರಿ ಹೋಗುವ ರೈಲಿನಲ್ಲಿ, 13, 14ರ ರಾತ್ರಿ ಬರುವ ರೈಲಿನಲ್ಲಿ. ಹೋಟೆಲಿನಲ್ಲಿ ಮಲಗುವುದು 6ರಿಂದ 12ರವರೆಗೆ, ಏಳೇ ರಾತ್ರಿ. ಹನ್ನೊಂದು ರಾತ್ರಿ ಎಂಬುದು ಸುಳ್ಳಲ್ಲ. ಆದರೆ ಓದುವವರು ಅದನ್ನು ಹನ್ನೊಂದು ರಾತ್ರಿಯ ರೂಮು ಎಂದೇ ತಿಳಿಯುತ್ತಾರೆ. “7 ರಾತ್ರಿ ಹೋಟೆಲ್, 4 ರಾತ್ರಿ ರೈಲು” ಎಂದು ಬರೆಯಿರಿ. ಮೊಣಕಾಲು ನೋವಿನವರು ನಾಲ್ಕು ರಾತ್ರಿ ಬರ್ತ್ ಮೇಲೆ ಮಲಗುವುದು ತಮ್ಮಿಂದ ಆಗುತ್ತದೋ ಇಲ್ಲವೋ ಎಂದು ಮನೆಯಲ್ಲೇ ಕೂತು ಯೋಚಿಸಲಿ, ರೈಲು ಹತ್ತಿದ ಮೇಲೆ ಬೇಡ.

ಇನ್ನು ‘ಎಲ್ಲಾ ಸೇರಿ’. ಇದರ ಬೆಲೆ ನಾನು ಕೈಯಿಂದ ಕೊಟ್ಟು ಕಲಿತಿದ್ದೇನೆ. ಶುರುವಿನ ವರ್ಷಗಳಲ್ಲಿ ಗದಗಿನಿಂದ 42 ಜನರನ್ನು ಕರೆದುಕೊಂಡು ಹೋಗಿದ್ದೆ. ಕರಪತ್ರದ ಮೇಲೆ ದಪ್ಪಕ್ಷರದಲ್ಲಿ ‘ಎಲ್ಲಾ ಖರ್ಚು ಸೇರಿ’ ಎಂದು ಅಚ್ಚು ಹಾಕಿಸಿದ್ದೆ. ದಶಾಶ್ವಮೇಧ ಘಾಟಿನಲ್ಲಿ ಆರತಿಯ ಹೊತ್ತಿಗೆ ದೋಣಿಯವನು ತಲೆಗಿಷ್ಟು ಎಂದು ಕೇಳಿದ. ನಾನು ನಮ್ಮವರ ಕಡೆ ತಿರುಗಿ “ದೋಣಿದ್ದು ನೀವ ಕೊಡಬೇಕ್ರಿ” ಎಂದೆ. ರೋಣದ ಕಡೆಯ ಹಿರಿಯರೊಬ್ಬರು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕರಪತ್ರ ತೆಗೆದರು. ಮಡಿಕೆ ಬಿದ್ದಲ್ಲಿ ಹರಿಯಲು ಬಂದಿತ್ತು, ಅಷ್ಟು ಸಲ ಬಿಚ್ಚಿ ಓದಿದ್ದರು. “ತಮ್ಮಾ, ಎಲ್ಲಾ ಅಂದ್ರ ಎಲ್ಲಾನ ಹೌದಲ್ಲೋ? ದೋಣಿ ಎಲ್ಲಾದರಾಗ ಬರೂದಿಲ್ಲೇನು?” ದನಿ ಏರಿಸಲಿಲ್ಲ, ಸಿಟ್ಟೂ ಮಾಡಲಿಲ್ಲ. ನಾನು 42 ಜನರ ದೋಣಿ ಬಾಡಿಗೆ ಕೊಟ್ಟೆ. ಮರುದಿನ ಆಟೋದ್ದೂ ಕೊಟ್ಟೆ. ಗಯೆಗೆ ಹೋದ ಮೇಲೆ ಪಿಂಡಪ್ರದಾನದ ದಕ್ಷಿಣೆಯೂ ಎಲ್ಲಾದರಾಗ ಬರುತ್ತದೇನು ಎಂದು ಇನ್ನೊಬ್ಬರು ಕೇಳಿದಾಗ ಕೈಮುಗಿದೆ. ಆ ಟೂರಿನಲ್ಲಿ ನನಗೆ ಉಳಿದದ್ದು ಗಂಗಾಜಲದ ತಂಬಿಗೆ ಒಂದೇ.

ಹಾಗಾದರೆ ಬೆಲೆ ಎಷ್ಟು ಬರೆಯಬೇಕು? ನಿಮ್ಮ ಯಾತ್ರಿಕ ಮನೆಯಿಂದ ಹೊರಟು ಮನೆಗೆ ಬರುವವರೆಗೆ ಜೇಬಿನಿಂದ ಏನೇನು ತೆಗೆಯುತ್ತಾನೆಂದು ಕೂಡಿಸಿ. ₹17,999ಕ್ಕೆ ಶೇ. 5 ಜಿಎಸ್‌ಟಿ ₹900, ಅಲ್ಲಿಗೆ ₹18,899. ಕಾಶಿಯಲ್ಲಿ ದೊಡ್ಡ ಬಸ್ಸು ಗೊದೌಲಿಯಾ ಗಲ್ಲಿಗಳ ಹತ್ತಿರ ಬರುವುದಿಲ್ಲ. ದೂರ ನಿಲ್ಲಿಸಿ ಆಟೋ ಇಲ್ಲವೇ ಇ-ರಿಕ್ಷಾದಲ್ಲಿ ಹೋಗಬೇಕು. ನಾಲ್ಕೈದು ಓಡಾಟಕ್ಕೆ ತಲೆಗೆ ₹600 ಇಟ್ಟುಕೊಳ್ಳಿ. ಕಾಶಿಯ ದೋಣಿ, ಪ್ರಯಾಗದಲ್ಲಿ ಸಂಗಮಕ್ಕೆ ಹೋಗುವ ದೋಣಿ ಎರಡಕ್ಕೂ ಸೇರಿ ₹500 ಎನ್ನಿ. ಈ ಎರಡು ಅಂಕಿ ಲೆಕ್ಕಕ್ಕೆಂದು ನಾನಿಟ್ಟವು. ಅಲ್ಲಿನ ನಿಮ್ಮ ಜನರಿಗೆ ಫೋನ್ ಮಾಡಿ ಡಿಸೆಂಬರ್ ದರ ಕೇಳಿ ಬದಲಿಸಿಕೊಳ್ಳಿ. ಕೂಡಿಸಿದರೆ ₹19,999 ಆಯಿತು. ಬೇಕೆಂದೇ ಮಾಡಿದ್ದಲ್ಲ, ಲೆಕ್ಕವೇ ಹಾಗೆ ಬಂತು. ಇನ್ನೊಂದು ರೂಪಾಯಿ ಸೇರಿಸಿ ₹20,000 ಎಂದೇ ಬರೆಯಿರಿ, ಅಂಗಡಿಯ ಚಪ್ಪಲಿ ರೇಟಿನ ಹಾಗೆ ಕಾಣಬಾರದು.

ಆಟೋ, ದೋಣಿಯನ್ನು ಬೆಲೆಯ ಒಳಗೆ ತರಲು ಹೇಳಿದ್ದಕ್ಕೆ ಕಾರಣವಿದೆ. ಇವು ಎಲ್ಲರೂ ಮಾಡಲೇಬೇಕಾದ ಖರ್ಚು. ದೋಣಿ ಇಲ್ಲದೆ ಸಂಗಮವಿಲ್ಲ, ಆಟೋ ಇಲ್ಲದೆ ವಿಶ್ವನಾಥನಿಲ್ಲ. ತಪ್ಪಿಸಲಾಗದ ಖರ್ಚನ್ನು ಹೊರಗಿಟ್ಟು ಬೆಲೆ ಕಡಿಮೆ ತೋರಿಸಿದರೆ ಅದು ಕಣ್ಣಿಗೆ ಮಣ್ಣೆರಚುವುದು. ಮಾಡುವವರು ಮಾಡುತ್ತಾರೆ, ಬೇಡದವರು ಬಿಡುತ್ತಾರೆ ಎನ್ನುವಂಥವು ಮಾತ್ರ ಹೊರಗಿರಲಿ. ಗಯೆಯ ಪಿಂಡಪ್ರದಾನ ಇದಕ್ಕೆ ಸರಿಯಾದ ಉದಾಹರಣೆ. 35 ಜನರಲ್ಲಿ ಎಲ್ಲರೂ ಮಾಡುವುದಿಲ್ಲ, ಮಾಡುವವರ ಖರ್ಚೂ ಒಂದೇ ಇರುವುದಿಲ್ಲ. ಹೊರಗೆ ಎಂದು ಬರೆದು ಸುಮ್ಮನಾಗದೆ, ಅದಕ್ಕೆ ಅರ್ಧ ದಿನ ಬಿಟ್ಟಿದ್ದೀರೆಂದೂ ಪುರೋಹಿತರ ದಕ್ಷಿಣೆ ಮತ್ತು ಸಾಮಗ್ರಿ ಅವರವರದೇ ಎಂದೂ ಬರೆಯಿರಿ. ವಿಶ್ವನಾಥನ ಸುಗಮ ದರ್ಶನದ ಟಿಕೆಟ್ಟೂ ಹೀಗೆಯೇ. ಸಾಮಾನ್ಯ ಸಾಲಿನಲ್ಲಿ ದುಡ್ಡಿಲ್ಲದೆ ದರ್ಶನವಾಗುತ್ತದೆ, ಬೇಗ ಬೇಕೆನ್ನುವವರು ಟಿಕೆಟ್ ತೆಗೆದುಕೊಳ್ಳುತ್ತಾರೆ.

‘ಗಂಗಾ ಆರತಿ ಉಚಿತ’ವನ್ನು ಮಾತ್ರ ದಯವಿಟ್ಟು ಅಳಿಸಿ. ಮೆಟ್ಟಿಲ ಮೇಲೆ ಕೂತು ನೋಡಲು ಅದು ಯಾವತ್ತೂ ಉಚಿತವೇ, ನೀವೇನು ಕೊಟ್ಟ ಹಾಗಾಯಿತು? ದೋಣಿಯಿಂದ ತೋರಿಸುತ್ತೀರೋ ಮೆಟ್ಟಿಲ ಮೇಲೆ ಕೂರಿಸುತ್ತೀರೋ ಅದನ್ನು ಹೇಳಿ, ಸಾಕು.

ಊಟದ ಸಾಲಿಗೆ ನಮ್ಮ ಕಡೆ ಹೆಚ್ಚು ಜಾಗ ಬೇಕು. “ಅಡುಗೆಯವರು ಜೊತೆಯಲ್ಲಿ ಬರುತ್ತಾರೆ” ಎಂದರೆ ಜನ ರೈಲಿನಲ್ಲೂ ಬಿಸಿ ಅನ್ನ ಬರುತ್ತದೆ ಎಂದುಕೊಳ್ಳುತ್ತಾರೆ. ರೈಲಿನಲ್ಲಿ ಸಿಲಿಂಡರ್, ಸ್ಟೋವ್ ಒಯ್ಯುವುದೇ ಅಪರಾಧ. 2023ರ ಆಗಸ್ಟ್‌ನಲ್ಲಿ ಮದುರೈಯಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಕದ್ದು ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ಆದ್ದರಿಂದ ರೈಲಿನ ಊಟ ಹೊರಗಿಟ್ಟದ್ದು ತಪ್ಪಲ್ಲ. ಆದರೆ ಹೋಗುವ ಬರುವ ಎರಡೂ ಸಲ ಸೇರಿ ಸುಮಾರು ₹1,600 ಬೇಕಾಗಬಹುದು ಎಂದು ಮೊತ್ತ ಬರೆಯಿರಿ. ಬುತ್ತಿ ಕಟ್ಟಿಕೊಳ್ಳುವವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಅದನ್ನು ಮುನ್ನೂರಕ್ಕೆ ಇಳಿಸುತ್ತಾರೆ. ಹೊರಗಿನ ಪ್ರತಿ ಖರ್ಚಿನ ಮುಂದೆ ಅಂದಾಜು ಮೊತ್ತ ಹಾಕಿದರೆ ಓದುವವರು ತಾವೇ ಕೂಡಿಸಿಕೊಳ್ಳುತ್ತಾರೆ. ಮೊತ್ತವಿಲ್ಲದ ‘ಹೊರತು’ ಪಟ್ಟಿ ಓದಿದರೆ ಹೆದರಿಕೆಯಾಗುತ್ತದೆ. ಜನ ಓದುವುದಿಲ್ಲ ಎನ್ನುವ ನಿಮ್ಮ ಭಯ ಅಂಥ ಪಟ್ಟಿಗೆ ಸಲ್ಲುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಮಾತು, ‘ಟಿಕೆಟ್ ಕನ್ಫರ್ಮ್’. ಆಗಸ್ಟ್‌ನಲ್ಲಿ ಇದನ್ನು ಬರೆಯಲು ನಿಮಗೆ ಸಾಧ್ಯವೇ ಇಲ್ಲ. 2024ರ ನವೆಂಬರ್ 1ರಿಂದ ರೈಲ್ವೆ ಮುಂಗಡ ಬುಕಿಂಗನ್ನು 120 ದಿನದಿಂದ 60 ದಿನಕ್ಕೆ ಇಳಿಸಿದೆ. ಡಿಸೆಂಬರ್ 4ರ ಟಿಕೆಟ್ ತೆರೆಯುವುದು ಅಕ್ಟೋಬರ್ 5ರ ಬೆಳಿಗ್ಗೆ. 13ರ ವಾಪಸ್ ಟಿಕೆಟ್ ತೆರೆಯುವುದು ಅಕ್ಟೋಬರ್ 14ಕ್ಕೆ. ಅಂದರೆ ಒಂಬತ್ತು ದಿನ ನಿಮ್ಮ ಹತ್ತಿರ ಹೋಗುವ ಟಿಕೆಟ್ ಇರುತ್ತದೆ, ಬರುವುದಿರುವುದಿಲ್ಲ. ಬುಕಿಂಗ್ ತೆರೆದ ಮೊದಲ ನಿಮಿಷಗಳಲ್ಲಿ ಏಜೆಂಟರಿಗೆ ಅವಕಾಶವಿಲ್ಲ. ಒಂದು ಪಿಎನ್‌ಆರ್‌ನಲ್ಲಿ ಆರೇ ಜನ, 35 ಜನಕ್ಕೆ ಕನಿಷ್ಠ ಆರು ಟಿಕೆಟ್, ಸೀಟು ಒಂದೇ ಬೋಗಿಯಲ್ಲಿ ಬಂದರೆ ಪುಣ್ಯ. ಪೂರ್ತಿ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್ ಚಾರ್ಟ್ ಆದಾಗ ತಾನಾಗಿ ರದ್ದಾಗುತ್ತದೆ, ಆ ಯಾತ್ರಿಕ ಕಾಶಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುತ್ತಾನೆ. ಹಾಗಾದರೆ ಏನು ಮಾಡುತ್ತೀರಿ ಎನ್ನುವುದನ್ನು ಈಗಲೇ ತೀರ್ಮಾನಿಸಿ ಒಂದು ಸಾಲು ಬರೆಯಬೇಕು.

ಲೋವರ್ ಬರ್ತ್ ಖಾತ್ರಿ ಎಂದೂ ಬರೆಯಬೇಡಿ. ಆದರೆ ಒಂದು ಉಪಾಯವಿದೆ. ಹಿರಿಯರಿಗಿರುವ ಲೋವರ್ ಬರ್ತ್ ಕೋಟಾ ಒಬ್ಬರೇ ಅಥವಾ ಇಬ್ಬರು ಇರುವ ಟಿಕೆಟ್ಟಿಗೆ ಮಾತ್ರ ಸಿಗುತ್ತದೆ. ವಯಸ್ಸಾದ ದಂಪತಿಯನ್ನು ಆರು ಜನರ ಟಿಕೆಟ್ಟಿನೊಳಗೆ ತುರುಕದೆ ಬೇರೆ ಪಿಎನ್‌ಆರ್ ಮಾಡಿ. ಹಿರಿಯ ನಾಗರಿಕರ ರಿಯಾಯಿತಿ ಎಷ್ಟು ಎಂದು ಇವತ್ತಿಗೂ ಜನ ಕೇಳುತ್ತಾರೆ. ಅದು 2020ರ ಮಾರ್ಚ್‌ನಲ್ಲೇ ನಿಂತಿದೆ ಎಂದು ಫೋನಿನಲ್ಲಿ ಹೇಳಿದರೆ ಸಾಕು.

ಟಿಕೆಟ್ಟಿನ ಈ ಎರಡು ತಾರೀಖುಗಳೇ ನಿಮ್ಮ ಬುಕಿಂಗ್ ಹಣದ ಮಾತನ್ನೂ ತೀರ್ಮಾನಿಸುತ್ತವೆ. ₹5,000 ತೆಗೆದುಕೊಂಡು ‘ವಾಪಸ್ ಇಲ್ಲ’ ಎಂದಿದ್ದೀರಿ. ಆಗಸ್ಟ್‌ನಲ್ಲಿ ಕೊಟ್ಟವರು ಸೆಪ್ಟೆಂಬರಿನಲ್ಲಿ ಬೇಡ ಎಂದರೆ ಅವರ ಹೆಸರಿನಲ್ಲಿ ನೀವು ಏನು ಖರ್ಚು ಮಾಡಿದ್ದೀರಿ? ಟಿಕೆಟ್ ತೆಗೆದಿಲ್ಲ, ಹೋಟೆಲಿಗೆ ಒಂದಿಷ್ಟು ಮುಂಗಡ ಹೋಗಿರಬಹುದು. ಆ ಐದು ಸಾವಿರ ಇಟ್ಟುಕೊಳ್ಳಲು ಕಾರಣವಿಲ್ಲ. ಅದೇ ಟಿಕೆಟ್ ತೆಗೆದ ಮೇಲೆ ಕತೆ ಬೇರೆ. ರೈಲಿನ ಟಿಕೆಟ್ಟನ್ನು ಮನೆಯವರ ಹೆಸರಿಗಷ್ಟೇ ಬದಲಿಸಲು ಬರುತ್ತದೆ, ವೇಟಿಂಗ್‌ನಲ್ಲಿರುವ ಇನ್ನೊಬ್ಬ ಯಾತ್ರಿಕನಿಗೆ ಕೊಡಲು ಬರುವುದಿಲ್ಲ. ಆಗ ರದ್ದತಿಯ ನಷ್ಟ ನಿಜಕ್ಕೂ ಆಗುತ್ತದೆ. ನಿಮ್ಮ ಖರ್ಚು ಯಾವ ತಾರೀಖಿಗೆ ಏರುತ್ತದೋ ಕಡಿತವೂ ಅದೇ ತಾರೀಖಿಗೆ ಏರಲಿ, ಶೇಕಡಾದಲ್ಲಿ ಅಲ್ಲ, ರೂಪಾಯಿಯಲ್ಲಿ. ₹5,000 ಬುಕಿಂಗಿಗೆ, ₹7,000 ಅಕ್ಟೋಬರ್ 3ರೊಳಗೆ ಅಂದರೆ ಟಿಕೆಟ್ ತೆರೆಯುವ ಎರಡು ದಿನ ಮೊದಲು, ಉಳಿದ ₹8,000 ನವೆಂಬರ್ 20ರೊಳಗೆ. ಹೀಗೆ ಕಟ್ಟಿಸಿಕೊಂಡರೆ ನಿಮ್ಮ ಕೈಯಿಂದ ಹಣ ಹಾಕುವ ಪ್ರಸಂಗವೂ ಬರುವುದಿಲ್ಲ.

ಎಷ್ಟು ಜನ ಆಗದಿದ್ದರೆ ಟೂರೇ ರದ್ದು ಎನ್ನುವುದನ್ನು ನಮ್ಮವರು ಯಾರೂ ಬರೆಯುವುದಿಲ್ಲ. ನೀವು ಬರೆಯಿರಿ. 25 ಜನ ಆಗದಿದ್ದರೆ ನಿಮಗೆ ಬಸ್ಸಿನ ಬಾಡಿಗೆ ಹೊರೆಯಾಗುತ್ತದೆ ಎಂದಾದರೆ, ಅಕ್ಟೋಬರ್ 3ಕ್ಕೆ ತಿಳಿಸಿ ಪೂರ್ತಿ ಹಣ ಹಿಂದಿರುಗಿಸುತ್ತೇವೆ ಎಂದು ಹೇಳಿ. ‘ಕೆಲವೇ ಸೀಟು ಬಾಕಿ’ ತೆಗೆದು ಆ ಜಾಗದಲ್ಲಿ ಇದನ್ನು ಹಾಕಬಹುದು. ಇನ್ನೂ ಒಂದು ಸೀಟೂ ತುಂಬದಿರುವಾಗ ಅದೊಂದು ಹಸಿ ಸುಳ್ಳು.

‘ಷರತ್ತು ಅನ್ವಯ’ ನಿಮ್ಮನ್ನು ಕಾಪಾಡುತ್ತದೆ ಎಂದುಕೊಂಡಿದ್ದರೆ ಅದೂ ಇಲ್ಲ. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ದೊಡ್ಡದಾಗಿ ಹೇಳಿದ ತಪ್ಪನ್ನು ಕೆಳಗಿನ ಸಣ್ಣ ಟಿಪ್ಪಣಿಯಿಂದ ಸರಿಮಾಡಲು ಬರುವುದಿಲ್ಲ, ಟಿಪ್ಪಣಿ ಮೇಲಿನ ಮಾತಿನ ಭಾಷೆಯಲ್ಲೇ ಇರಬೇಕು ಎಂದು ಅದರಲ್ಲಿದೆ. ಕನ್ನಡದಲ್ಲಿ ಕೂಗಿ ಇಂಗ್ಲಿಷಿನಲ್ಲಿ ಪಿಸುಗುಟ್ಟುವ ನಮ್ಮ ಊರಿನ ಪೋಸ್ಟರುಗಳು ಎಷ್ಟಿಲ್ಲ! ಜಗಳ ಜಿಲ್ಲಾ ಗ್ರಾಹಕರ ಆಯೋಗದವರೆಗೆ ಹೋದರೆ ಅಲ್ಲಿ ಮುಂದಿಡುವುದು ನಿಮ್ಮ ಆ ಪೋಸ್ಟರನ್ನೇ.

ಜಿಎಸ್‌ಟಿ ಬಗ್ಗೆ ಒಂದು ಎಚ್ಚರಿಕೆ. ನೋಂದಣಿ ಇದ್ದವರು ಮಾತ್ರ ಅದನ್ನು ವಸೂಲು ಮಾಡಬೇಕು. ಸೇವೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ₹20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಈ ಒಂದು ಟೂರೇ ಏಳು ಲಕ್ಷ, ನಿಮ್ಮ ಗಾಡಿ ಬಾಡಿಗೆಯನ್ನೂ ಕೂಡಿಸಿ ಲೆಕ್ಕಿಗರನ್ನು ಕೇಳಿ. ಕಾಶಿ ಯಾತ್ರೆಗೆ ಸರ್ಕಾರ ಕೊಡುವ ಸಹಾಯಧನವನ್ನು ಕಳೆದು ಬೆಲೆ ಬರೆಯುವವರೂ ಇದ್ದಾರೆ. ಆ ಹಣ ಯಾತ್ರಿಕರ ಖಾತೆಗೆ, ಅರ್ಜಿ ಮಂಜೂರಾದರೆ, ಹೋಗಿ ಬಂದ ಮೇಲೆ ಬರುವಂಥದ್ದು. ನಿಮ್ಮ ಬೆಲೆಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಬರೆಯುವ ಕ್ರಮ. ಇನ್‌ಸ್ಟಾಗ್ರಾಂನಲ್ಲಿ ಬಿಚ್ಚಿ ನೋಡುವ ಮೊದಲು ಕಾಣುವುದು ಸುಮಾರು 125 ಅಕ್ಷರ. ಅಷ್ಟರಲ್ಲಿ ತಾರೀಖು, ಪೂರ್ತಿ ಬೆಲೆ, ಬುಕಿಂಗ್ ಹಣ ಬಂದುಬಿಡಬೇಕು. ವಾಟ್ಸಾಪಿನಲ್ಲಿ ಜನ ಪೋಸ್ಟರನ್ನಷ್ಟೇ ಮುಂದೆ ಕಳಿಸುತ್ತಾರೆ, ಕೆಳಗಿನ ಬರಹ ಉದುರಿಹೋಗುತ್ತದೆ. ಅದಕ್ಕೇ ಈ ಮೂರು ಮಾತು ಪೋಸ್ಟರ್ ಮೇಲೂ ಇರಲಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಕಾಶಿ–ಪ್ರಯಾಗ–ಅಯೋಧ್ಯೆ–ಗಯಾ. ಹುಬ್ಬಳ್ಳಿಯಿಂದ ಡಿ. 4 ಶುಕ್ರವಾರ ಹೊರಟು ಡಿ. 15 ಮಂಗಳವಾರ ವಾಪಸ್. ತಲಾ ₹20,000, ಜಿಎಸ್‌ಟಿ ಸೇರಿ. ಬುಕಿಂಗ್ ₹5,000.

7 ರಾತ್ರಿ ಹೋಟೆಲ್, 4 ರಾತ್ರಿ ರೈಲು.

ಸೇರಿರುವುದು: ಹೋಗಿ ಬರುವ ಸ್ಲೀಪರ್ ಟಿಕೆಟ್. ಮೂವರಿಗೊಂದು ರೂಮು, ಒಳಗೇ ಸ್ನಾನದ ಮನೆ, ಬೆಳಿಗ್ಗೆ ಬಿಸಿನೀರು. ಡಿ. 6ರ ಮಧ್ಯಾಹ್ನದಿಂದ 13ರ ಮಧ್ಯಾಹ್ನದವರೆಗೆ ನಮ್ಮ ಅಡುಗೆಯವರ ನಾಷ್ಟಾ, ಎರಡು ಹೊತ್ತು ಊಟ (ಅನ್ನ, ಸಾರು, ಪಲ್ಲೆ, ಚಪಾತಿ). ಊರಿಂದ ಊರಿಗೆ ನಾನ್ ಎಸಿ ಬಸ್. ಕಾಶಿಯಲ್ಲಿ ಆಟೋ. ಕಾಶಿ ಮತ್ತು ಸಂಗಮದಲ್ಲಿ ಒಂದೊಂದು ಸಲ ದೋಣಿ. ಗಂಗಾ ಆರತಿಯನ್ನು ಮೆಟ್ಟಿಲ ಮೇಲೆ ಕೂತು ನೋಡುವುದು.

ಸೇರಿಲ್ಲದ್ದು: ರೈಲಿನಲ್ಲಿ ಊಟ, ಚಹಾ (ಎರಡೂ ಕಡೆ ಸೇರಿ ಸುಮಾರು ₹1,600, ಬುತ್ತಿ ತಂದರೆ ಕಡಿಮೆ). ಸುಗಮ ದರ್ಶನದ ಟಿಕೆಟ್. ಪೂಜೆ, ಗಯೆಯ ಪಿಂಡಪ್ರದಾನದ ದಕ್ಷಿಣೆ ಮತ್ತು ಸಾಮಗ್ರಿ (ಸಮಯ ಅರ್ಧ ದಿನ ಇಟ್ಟಿದ್ದೇವೆ). ಲಗೇಜಿನ ಕೂಲಿ. ಇಬ್ಬರಿಗೇ ರೂಮು ಬೇಕಾದರೆ ತಲಾ ₹3,500 ಹೆಚ್ಚು.

ಟಿಕೆಟ್: ಹೋಗುವ ಟಿಕೆಟ್ ಅ. 5ಕ್ಕೆ, ಬರುವ ಟಿಕೆಟ್ ಅ. 14ಕ್ಕೆ ತೆರೆಯುತ್ತದೆ. ಅಲ್ಲಿಯವರೆಗೆ ಕನ್ಫರ್ಮ್ ಎಂದು ಹೇಳಲಾರೆವು. ಅ. 16ರೊಳಗೆ ಒಂದು ಕಡೆಯ ಟಿಕೆಟ್ ಸಿಗದಿದ್ದರೂ ಪೂರ್ತಿ ಹಣ ವಾಪಸ್. ಲೋವರ್ ಬರ್ತ್ ಖಾತ್ರಿ ಇಲ್ಲ.

ಹಣ: ಬುಕಿಂಗ್ ₹5,000, ಅ. 3ರೊಳಗೆ ₹7,000, ನ. 20ರೊಳಗೆ ₹8,000. ನೀವು ರದ್ದು ಮಾಡಿದರೆ ಕಡಿತ: ಅ. 3ರವರೆಗೆ ₹500, ನ. 20ರವರೆಗೆ ₹4,000, ನಂತರ ₹12,000. 25 ಜನ ಆಗದಿದ್ದರೆ ಅ. 3ಕ್ಕೆ ತಿಳಿಸಿ 7 ದಿನದಲ್ಲಿ ಪೂರ್ತಿ ವಾಪಸ್.

ಮಂಜಿನಿಂದ ರೈಲು ತಡವಾದರೆ ಆ ಹೊತ್ತಿನ ಊಟ ನಮ್ಮದು, ಒಂದು ರಾತ್ರಿ ಹೆಚ್ಚು ಉಳಿಯಬೇಕಾದರೆ ರೂಮಿನ ಖರ್ಚು ಅರ್ಧ ನಮ್ಮದು, ಅರ್ಧ ನಿಮ್ಮದು.”

ಕಡಿತದ ಮೊತ್ತಗಳನ್ನು ಹಾಗೇ ಎತ್ತಿಕೊಳ್ಳಬೇಡಿ, ನಿಮ್ಮ ಹೋಟೆಲಿನವರ ರದ್ದತಿ ನಿಯಮ ನೋಡಿ ಹಾಕಿ. ಮಂಜಿನ ಸಾಲನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಡಿಸೆಂಬರಿನಲ್ಲಿ ಆ ಕಡೆ ರೈಲು ಗಂಟೆಗಟ್ಟಲೆ ತಡವಾಗುತ್ತವೆ, ಅಲ್ಲಿಂದ ಹೊರಡುವ ದಿನವೇ ನಿಮಗೆ ಅದು ಎದುರಾಗಬಹುದು. ಯಾರು ಎಷ್ಟು ಹೊರುವುದೆಂದು ಮೊದಲೇ ಬರೆದಿಟ್ಟರೆ ಪ್ಲಾಟ್‌ಫಾರ್ಮಿನಲ್ಲಿ ಚರ್ಚೆ ಬೇಡ. ಅರ್ಧರ್ಧ ಬೇಡವೆನಿಸಿದರೆ ಪೂರ್ತಿ ಅವರದೇ ಎಂದು ಬರೆಯಿರಿ, ಬರೆದದ್ದು ಮುಖ್ಯ. ಹಣ ಹಾಕುವಾಗ ಫೋನ್‌ಪೇಯಲ್ಲಿ ಯಾವ ಹೆಸರು ಬರುತ್ತದೆ ಎನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಬೋರ್ಡಿನ ಮೇಲೆ ಟ್ರಾವೆಲ್ಸ್ ಹೆಸರು, ಪರದೆಯ ಮೇಲೆ ನಿಮ್ಮ ಭಾವಮೈದುನನ ಹೆಸರು ಬಂದರೆ ಹಣ ಹಾಕುವ ಕೈ ಹಿಂದೆ ಸರಿಯುತ್ತದೆ.

ಕೊನೆಯ ಸಾಲಿನಲ್ಲಿ “ಈ ಮಾಹಿತಿ ಆಗಸ್ಟ್ ಇಂಥ ತಾರೀಖಿನದು” ಎಂದು ಸೇರಿಸಿ. ಇನ್‌ಸ್ಟಾಗ್ರಾಂನ ಬರಹವನ್ನು ಯಾವಾಗ ಬೇಕಾದರೂ ತಿದ್ದಬಹುದು. ವಾಟ್ಸಾಪಿನಲ್ಲಿ ಕಳಿಸಿ ಹದಿನೈದು ನಿಮಿಷ ಕಳೆದರೆ ತಿದ್ದಲು ಬರುವುದಿಲ್ಲ, ಆ ಹೊತ್ತಿಗೆ ಅದು ನವಲಗುಂದ ದಾಟಿ ನರಗುಂದದ ಯಾವುದೋ ಗ್ರೂಪಿನಲ್ಲಿ ಇರುತ್ತದೆ. ಅಕ್ಟೋಬರ್ 14ರಂದು ವಾಪಸ್ ಟಿಕೆಟ್ ಕೈಗೆ ಬಂದ ಮೇಲೆ ಹೊಸ ತಾರೀಖು ಹಾಕಿ, “ಎರಡೂ ಕಡೆ ಟಿಕೆಟ್ ಆಗಿದೆ, ಇಷ್ಟು ಸೀಟು ಉಳಿದಿವೆ” ಎಂದು ಇನ್ನೊಮ್ಮೆ ಕಳಿಸಿ. ಅವತ್ತು ‘ಕನ್ಫರ್ಮ್’ ಎಂದು ಎಷ್ಟು ದಪ್ಪಕ್ಷರದಲ್ಲಾದರೂ ಬರೆಯಿರಿ.